ಪಂದಿ ಕರಿ ಮಾಡಲು ಬರುತ್ತದೆ, ಟ್ರಯಲ್‌ಗೆ ಏನು ತಯಾರಿ?

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಸೋಮವಾರಪೇಟೆ ಕಡೆಯ ಈ ಹೆಣ್ಣುಮಗಳು ಹೋಂಸ್ಟೇ ಒಂದರಲ್ಲಿ ಒಬ್ಬರೇ ಅಡುಗೆ ಮಾಡುತ್ತಿದ್ದರು. ಮಡಿಕೇರಿ ಹತ್ತಿರದ ರೆಸಾರ್ಟ್‌ನಿಂದ ಅಡುಗೆ ಕೆಲಸದ ಟ್ರಯಲ್‌ಗೆ ಕರೆ ಬಂದಿತ್ತು. ಒಂದೂವರೆ ಗಂಟೆಯಲ್ಲಿ ಪಂದಿ ಕರಿ, ಕಡಂಬುಟ್ಟು ಮಾಡಬೇಕು. "ರುಚಿ ಬಗ್ಗೆ ಭಯ ಇಲ್ಲ ಮೇಡಂ, ಟೈಮಿಗೆ ಆಗುತ್ತಾ ಅಂತ" ಅಂದರು.

ಮನೆಯಲ್ಲಿ ಹೇಗೆ ಮಾಡುತ್ತೀರಿ ಅಂತ ಕೇಳಿದೆ. ಮೊದಲು ಮಸಾಲೆ ಹುರಿದು ಪುಡಿ ಮಾಡಿ, ಆಮೇಲೆ ಮಾಂಸ ಒಲೆಗೆ ಇಡುತ್ತಿದ್ದರು. ತೊಂದರೆ ಅಲ್ಲೇ ಇತ್ತು. ಮಾಂಸ ಮೆತ್ತಗಾಗಲು ಮುಕ್ಕಾಲು ಗಂಟೆಯಾದರೂ ಬೇಕು. ಹಾಗಾಗಿ ಸಣ್ಣ ತುಂಡು ಮಾಡಿ, ಉಪ್ಪು, ಅರಿಶಿನ, ಈರುಳ್ಳಿ ಹಾಕಿ ಮೊದಲು ಅದನ್ನೇ ಇಡಿ ಅಂದೆ. ಅದು ಬೇಯುವಾಗ ಮೆಣಸು, ಜೀರಿಗೆ, ಕೊತ್ತಂಬರಿ ಕಪ್ಪಗೆ ಹುರಿದು ಪುಡಿ ಮಾಡಬಹುದು. ಅಕ್ಕಿತರಿ ಬೇಯಿಸಿ, ಸ್ವಲ್ಪ ಆರಿದ ಮೇಲೆ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ, ಹಬೆಗೆ ಇಡಬಹುದು. ಹುಳಿಗೆ ಹಾಕುವ ಕಾಚಂಪುಳಿ ಕೊನೆಗೆ.

ಗಡಿಯಾರ ಎದುರಿಗಿಟ್ಟು ಮನೆಯಲ್ಲಿ ಒಮ್ಮೆ ಪೂರ್ತಿ ಮಾಡಿ ನೋಡಿ, ನಾನೂ ಬರುತ್ತೇನೆ ಅಂದೆ. ಸಮಯಕ್ಕೆ ಮುಗಿಯಿತು. ಆದರೆ ರುಚಿ ನೋಡಲು ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕಿ, ಅದೇ ಕೈಯಲ್ಲಿ ಉಂಡೆ ಕಟ್ಟಲು ಹೋದರು! ನಮ್ಮೆಲ್ಲರ ಮನೆ ಅಭ್ಯಾಸ, ಅಲ್ವಾ? ಟ್ರಯಲ್‌ನಲ್ಲಿ ಶೆಫ್ ಇಂಥದ್ದನ್ನೇ ನೋಡುತ್ತಾರೆ. ಪ್ರತಿ ಸಲವೂ ಬೇರೆ ಚಮಚ ತಗೊಳ್ಳಿ, ಹಸಿ ಮಾಂಸ ಮುಟ್ಟಿದ ಮೇಲೆ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಿರಿ ಅಂದೆ.

ಆಮೇಲೆ ಟ್ರಯಲ್‌ನಲ್ಲಿ ಕೇಳಬಹುದಾದ ಪ್ರಶ್ನೆಗಳು. ಮಿಕ್ಕ ಅನ್ನ ಏನು ಮಾಡುತ್ತೀರಿ ಅಂದರೆ, "ಮುಚ್ಚಿಡ್ತೇನೆ" ಅಂದರು. ಅನ್ನದಲ್ಲಿ ಬೆಂದರೂ ಸಾಯದ ಸೂಕ್ಷ್ಮಜೀವಿಯ ಬೀಜಕಣಗಳಿರುತ್ತವೆ. ಹೊರಗೆ ಬೆಚ್ಚಗೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅದಕ್ಕೆ ಅಗಲದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬೇಗ ಆರಿಸಿ, 5 ಡಿಗ್ರಿಗಿಂತ ಕೆಳಗೆ ಫ್ರಿಜ್‌ನಲ್ಲಿ ಇಡಬೇಕು. ಬಡಿಸಲು ಇಟ್ಟ ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು.

"ಹಿರಿಯ ಅಡುಗೆಯವರು ಹಸಿ ಮಾಂಸ ಹೆಚ್ಚಿದ ಚಾಕುವಲ್ಲೇ ಸೌತೆಕಾಯಿ ಹೆಚ್ಚಿದರೆ?" ಅಂತ ಕೇಳಿದೆ. "ಅವರು ದೊಡ್ಡವರು, ಸುಮ್ನೆ ಇರ್ತೇನೆ" ಅಂದರು. ಇಷ್ಟು ದಿನ ಒಬ್ಬರೇ ಕೆಲಸ ಮಾಡಿದವರಿಗೆ ಇದು ಕಷ್ಟವೇ. ಆದರೂ ಆಗಲೇ ಹೇಳಬೇಕು. "ಅಣ್ಣ, ಅದು ಮಾಂಸದ ಚಾಕು, ಇದು ತಗೊಳ್ಳಿ" ಅಂತ ಬೇರೆ ಚಾಕು ಕೊಡಿ. ಹೆಚ್ಚಿದ್ದನ್ನು, ಆ ಹಲಗೆಯನ್ನು ತೆಗೆಸಿ. ಒಪ್ಪದಿದ್ದರೆ ತಟ್ಟೆ ಹೊರಗೆ ಹೋಗುವ ಮೊದಲು ಶೆಫ್‌ಗೆ ತಿಳಿಸಿ. ಈ ಮಾತನ್ನು ನನ್ನೆದುರು ಜೋರಾಗಿ ಹೇಳಿಸಿದೆ. ಮೊದಲ ಸಲ ದನಿಯೇ ಬರಲಿಲ್ಲ, ಆಮೇಲೆ ಬಂತು.

ಟ್ರಯಲ್ ಮುಗಿಸಿ ಫೋನ್ ಮಾಡಿದರು. ಚಮಚ ಬದಲಿಸಿದ್ದನ್ನು ಶೆಫ್ ಗಮನಿಸಿದರಂತೆ. ಉತ್ತರ ಇನ್ನೂ ಬಂದಿಲ್ಲ. ಅಡುಗೆ ಕೆಲಸಕ್ಕೆ ವೈದ್ಯಕೀಯ ತಪಾಸಣೆಯ ಪತ್ರ ಕೇಳುತ್ತಾರೆ, ಅಷ್ಟರಲ್ಲಿ ಅದನ್ನು ಮಾಡಿಸಿಟ್ಟುಕೊಳ್ಳಿ ಅಂತ ಹೇಳಿದ್ದೇನೆ.