ಕಾರಣಗಳ ಪಟ್ಟಿ ಬೇಡ, ನಡೆದದ್ದನ್ನು ಬರೆಯಿರಿ

*ಸೋಮವಾರ ಕೊಡಬೇಕಿದ್ದ ಅಸೈನ್‌ಮೆಂಟನ್ನು ಗುರುವಾರ ಮುಗಿಸಿದ್ದೇನೆ. ಪ್ರಾಧ್ಯಾಪಕರಿಗೆ ಹೀಗೆ ಬರೆದಿಟ್ಟಿದ್ದೇನೆ: ‘ಸರ್, ಮನೆಯಲ್ಲಿ ಸಮಾರಂಭವಿತ್ತು, ಲ್ಯಾಪ್‌ಟಾಪ್ ಕೈಕೊಟ್ಟಿತು, ನೆಟ್ ಇರಲಿಲ್ಲ, ಬೇರೆ ಟೆಸ್ಟ್‌ಗಳೂ ಒಟ್ಟಿಗೇ ಬಂದವು. ಹೀಗಾಗಿ ಅಸೈನ್‌ಮೆಂಟ್ ಸಲ್ಲಿಕೆಯಾಗಲಿಲ್ಲ. ತೊಂದರೆಯಾಗಿದ್ದರೆ ಕ್ಷಮಿಸಿ, ದಯವಿಟ್ಟು ಅಂಕ ಕಳೆಯಬೇಡಿ.’ ನಿಜವೇನೆಂದರೆ, ನಾನು ಬರೆಯಲು ಕುಳಿತದ್ದೇ ಭಾನುವಾರ. ಕಳುಹಿಸಲು ಮನಸ್ಸು ಒಪ್ಪುತ್ತಿಲ್ಲ. ಹೇಗೆ ಬರೆಯಲಿ?*

ಕಳುಹಿಸದೆ ತಡೆದದ್ದು ಒಳ್ಳೆಯದಾಯಿತು. ನಾಲ್ಕು ಕಾರಣಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಪತ್ರಕ್ಕೆ ಬಲ ಬರುವುದಿಲ್ಲ, ಇವುಗಳಲ್ಲಿ ಯಾವುದು ನಿಜ ಎಂಬ ಅನುಮಾನ ಬರುತ್ತದೆ. ಸಮಾರಂಭದ ದಿನ ಮೊದಲೇ ಗೊತ್ತಿತ್ತಲ್ಲವೇ, ಟೆಸ್ಟ್‌ಗಳು ಇಡೀ ತರಗತಿಗೂ ಇದ್ದವಲ್ಲವೇ ಎಂದು ಓದುವವರಿಗೆ ತಕ್ಷಣ ಅನ್ನಿಸುತ್ತದೆ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ನಿಮ್ಮ ಕೊನೆಯ ಎರಡು ವಾಕ್ಯಗಳು. ‘ಸಲ್ಲಿಕೆಯಾಗಲಿಲ್ಲ’ ಎಂದಾಗ ತಪ್ಪು ತಾನಾಗಿಯೇ ನಡೆದುಹೋದಂತೆ ಕೇಳಿಸುತ್ತದೆ. ‘ನಾನು ಸಲ್ಲಿಸಲಿಲ್ಲ’ ಎಂದರೆ ಹೊಣೆ ನಿಮ್ಮದಾಗುತ್ತದೆ. ‘ತೊಂದರೆಯಾಗಿದ್ದರೆ’ ಎಂಬ ಷರತ್ತೂ ಬೇಡ, ಏಕೆಂದರೆ ಉಳಿದವರ ಮೌಲ್ಯಮಾಪನಕ್ಕೆ ಕುಳಿತ ಅಧ್ಯಾಪಕರು ನಿಮ್ಮೊಬ್ಬರ ಬರಹಕ್ಕಾಗಿ ಬೇರೆ ಸಮಯ ತೆಗೆಯಬೇಕಾಗುತ್ತದೆ, ಆ ತೊಂದರೆ ಆಗಿಯೇ ಇದೆ. ವಿಷಯದ ಸಾಲಿನಲ್ಲಿ ಅಸೈನ್‌ಮೆಂಟಿನ ಹೆಸರನ್ನೂ ‘ತಡವಾದ ಸಲ್ಲಿಕೆ’ ಎಂಬುದನ್ನೂ ನೇರವಾಗಿ ನಮೂದಿಸಿ, ಒಳಗೆ ಹೀಗೆ ಬರೆಯಬಹುದು:

> ಮಾನ್ಯರೇ,
>
> ಸೋಮವಾರ ಸಲ್ಲಿಸಬೇಕಿದ್ದ ಅಸೈನ್‌ಮೆಂಟನ್ನು ನಾನು ಸಮಯಕ್ಕೆ ಸಲ್ಲಿಸಲಿಲ್ಲ, ತಡವಾಗುತ್ತದೆಂದು ಮುಂಚಿತವಾಗಿ ತಿಳಿಸಲೂ ಇಲ್ಲ. ಕೆಲಸವನ್ನು ಬಹಳ ತಡವಾಗಿ ಆರಂಭಿಸಿದ್ದೇ ಇದಕ್ಕೆ ಕಾರಣ. ಇದರಿಂದ ನಿಮ್ಮ ಮೌಲ್ಯಮಾಪನದ ಕೆಲಸಕ್ಕೆ ಅಡ್ಡಿಯಾಗಿದೆ, ಅದಕ್ಕಾಗಿ ಕ್ಷಮೆ ಕೋರುತ್ತೇನೆ. ಪೂರ್ಣಗೊಳಿಸಿದ ಅಸೈನ್‌ಮೆಂಟನ್ನು ಲಗತ್ತಿಸಿದ್ದೇನೆ. ಇದನ್ನು ಸ್ವೀಕರಿಸುವುದು ಅಥವಾ ನಿಯಮದಂತೆ ಅಂಕ ಕಳೆಯುವುದು ನಿಮ್ಮ ತೀರ್ಮಾನಕ್ಕೆ ಬಿಟ್ಟದ್ದು.
>
> ಗೌರವಪೂರ್ವಕವಾಗಿ,
> (ಹೆಸರು, ತರಗತಿ, ನೋಂದಣಿ ಸಂಖ್ಯೆ)

ತಡವಾಗಿ ಆರಂಭಿಸಿದ್ದನ್ನು ಒಪ್ಪಿಕೊಂಡರೆ ಸಣ್ಣವರಾಗುತ್ತೇವೆ ಎಂಬ ಅಳುಕು ನಿಮಗಿರಬಹುದು. ಆದರೆ ಈ ಪತ್ರದಲ್ಲಿ ಯಾರೂ ಪರೀಕ್ಷಿಸಿ ಸುಳ್ಳೆಂದು ತೋರಿಸಬಹುದಾದ ಮಾತು ಒಂದೂ ಇಲ್ಲ, ಮುಂದೆ ಮುಖಾಮುಖಿ ಕೇಳಿದರೂ ನೀವು ಇದನ್ನೇ ಹೇಳಬಹುದು. ಲ್ಯಾಪ್‌ಟಾಪ್ ನಿಜಕ್ಕೂ ಕೆಟ್ಟಿದ್ದರೂ ಅದನ್ನು ಬಿಟ್ಟಿದ್ದೇನೆ, ಏಕೆಂದರೆ ವಾರದ ಮೊದಲೇ ಆರಂಭಿಸಿದ್ದರೆ ಅದು ಅಡ್ಡಿಯಾಗುತ್ತಿರಲಿಲ್ಲ. ಅನಾರೋಗ್ಯದಂತಹ ಕೈಮೀರಿದ ಕಾರಣವಿದ್ದಿದ್ದರೆ ಮಾತು ಬೇರೆ. ಆಗ ಅದನ್ನು ಒಂದೇ ವಾಕ್ಯದಲ್ಲಿ ಹೇಳಿ, ವೈದ್ಯಕೀಯ ಪ್ರಮಾಣಪತ್ರವನ್ನು ಜೊತೆಗಿಟ್ಟು, ಕಾಲಾವಕಾಶವನ್ನು ಸಂಕೋಚವಿಲ್ಲದೆ ಕೇಳಬಹುದಿತ್ತು.

ಅಂಕದ ಬೇಡಿಕೆಯನ್ನು ಪೂರ್ತಿ ತೆಗೆದುಬಿಡಿ. ಅದು ಉಳಿದರೆ ಮೇಲಿನ ಕ್ಷಮೆಯೆಲ್ಲ ಅಂಕಕ್ಕಾಗಿ ಹಾಕಿದ ಪೀಠಿಕೆಯಾಗುತ್ತದೆ. ಲಗತ್ತು ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂದು ನೋಡಿಕೊಂಡು ಇಂದೇ ಕಳುಹಿಸಿ. ಅವರು ಸ್ವೀಕರಿಸಲಾಗದು ಎಂದು ಉತ್ತರಿಸಿದರೆ, ವಾದಕ್ಕಿಳಿಯದೆ, ಉತ್ತರಿಸಿದ್ದಕ್ಕೆ ಧನ್ಯವಾದ ತಿಳಿಸಿ ಒಂದು ಸಾಲು ಬರೆಯಿರಿ.