ನಿರ್ವಾಣವನ್ನು ಸ್ವರ್ಗಗಳ ಸಾಲಿನಲ್ಲಿ ಇಡಬಾರದೇಕೆ

ಪ್ರಶ್ನೆ: ಬೌದ್ಧರ ನಿರ್ವಾಣ ಎಂದರೆ ಅವರ ಸ್ವರ್ಗವೇ ಅಲ್ಲವೇ? ಸತ್ತ ಮೇಲೆ ಅಲ್ಲಿ ಏನಿರುತ್ತದೆ, ಯಾರಿರುತ್ತಾರೆ? ಎರಡರಲ್ಲಿ ಯಾವುದು ದೊಡ್ಡದು?

ನನ್ನ ಅಕ್ಕ ತನ್ನ ಕೊನೆಯ ಕಾಯಿಲೆಯಲ್ಲಿ ಇದನ್ನೇ ಕೇಳಿದ್ದಳು. ಆಗ ನಾನು ಕೊಟ್ಟ ಉತ್ತರದಿಂದ ಅವಳು ಬಹಳ ಸಂಕಟಪಟ್ಟಳು. ಬುದ್ಧನ ಉಪದೇಶಗಳನ್ನು ನಾನು ಓದುತ್ತಿದ್ದೇನೆಂದು ತಿಳಿದಿದ್ದ ಅವಳು, "ನಿರ್ವಾಣಕ್ಕೆ ಹೋದರೆ ನಿನ್ನ ಭಾವ ಅಲ್ಲಿ ಸಿಗುತ್ತಾರೆಯೇ?" ಎಂದಳು. ಅವಳಿಗೆ ಧೈರ್ಯ ತುಂಬಬೇಕೆಂಬ ಒಂದೇ ಆಸೆಯಿಂದ, ನಿರ್ವಾಣವು ಎಲ್ಲ ಸ್ವರ್ಗಗಳಿಗಿಂತ ಮೇಲಿನದು, ಅಲ್ಲಿಯ ಸುಖಕ್ಕೆ ಕೊನೆಯಿಲ್ಲ, ಅಲ್ಲಿಗೆ ಸೇರಿದವರು ಮರಳಿ ಬರುವುದಿಲ್ಲ ಎಂದು ಹೇಳಿಬಿಟ್ಟೆ. ಈ ಮಾತುಗಳನ್ನು ಒಂದೊಂದಾಗಿ ತೆಗೆದುಕೊಂಡರೆ ಬೌದ್ಧ ಗ್ರಂಥಗಳಲ್ಲಿ ಅವುಗಳಿಗೆ ಆಧಾರ ಸಿಗುತ್ತದೆ. ಧಮ್ಮಪದವು ನಿರ್ವಾಣವನ್ನು ಪರಮ ಸುಖವೆಂದು ಕರೆಯುತ್ತದೆ. ಸುತ್ತಗಳೆಂಬ ಬೇರೆ ಉಪದೇಶಗಳು ಅದನ್ನು ಆಚೆಯ ದಡವೆಂದೂ ದ್ವೀಪವೆಂದೂ ಆಶ್ರಯವೆಂದೂ ವರ್ಣಿಸುತ್ತವೆ. ಆ ವರ್ಣನೆಗಳನ್ನೆಲ್ಲ ಸೇರಿಸಿ ನಾನು ಮನಸ್ಸಿನಲ್ಲಿ ಒಂದು ಊರನ್ನೇ ಕಟ್ಟಿಕೊಂಡಿದ್ದೆ.

ತಪ್ಪು ಎಲ್ಲಿತ್ತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯೂ ಅದರ ಮೇಲೆಯೇ ನಿಂತಿದೆ. ಬೌದ್ಧ ಧರ್ಮದಲ್ಲಿಯೂ ಸ್ವರ್ಗಗಳಿವೆ ಎಂಬುದು ನನಗೆ ಗೊತ್ತಿತ್ತು. ಪಾಲಿ ಪರಂಪರೆಯು ಜೀವಿಗಳು ಹುಟ್ಟುವ 31 ನೆಲೆಗಳನ್ನು ಎಣಿಸುತ್ತದೆ. ಅವುಗಳಲ್ಲಿ 26 ದೇವತೆಗಳ ಮತ್ತು ಬ್ರಹ್ಮರ ನೆಲೆಗಳು. ದೇವತೆಗಳ ಒಡೆಯನಾದ ಸಕ್ಕನು ಆಳುವ ತಾವತಿಂಸವೆಂಬ ದೇವಲೋಕದಲ್ಲಿ ಆಯುಷ್ಯ 1000 ದಿವ್ಯ ವರ್ಷ, ಅಲ್ಲಿಯ ಒಂದು ಹಗಲಿರುಳು ನಮ್ಮ 100 ವರ್ಷಗಳಿಗೆ ಸಮ. ಲೆಕ್ಕ ಹಾಕಿದರೆ ಅದು ಮನುಷ್ಯರ 3 ಕೋಟಿ 60 ಲಕ್ಷ ವರ್ಷಗಳಾಗುತ್ತದೆ. ಮೇಲಿನ ನೆಲೆಗಳಲ್ಲಿ ಆಯುಷ್ಯ ಇನ್ನೂ ಹೆಚ್ಚು. ನಾನು ಮಾಡಿದ್ದೇನೆಂದರೆ, ಈ ಸಾಲನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಹೋಗಿ, ಅದರ ತುದಿಯಲ್ಲಿ ಇನ್ನೊಂದು ನೆಲೆಯಂತೆ ನಿರ್ವಾಣವನ್ನು ಇಟ್ಟೆ. ಕಾಲ ಇನ್ನೂ ದೀರ್ಘ, ಸುಖ ಇನ್ನೂ ಗಾಢ, ಸಾವು ಮಾತ್ರ ಇಲ್ಲ ಎಂದು ಕಲ್ಪಿಸಿಕೊಂಡೆ. ಹಾಗೆ ಇಟ್ಟ ಕೂಡಲೇ "ಅಲ್ಲಿ ಯಾರಿರುತ್ತಾರೆ" ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ, ಅಷ್ಟೇ ಸಹಜವಾಗಿ "ನಾನು ಅಲ್ಲಿಗೆ ಅರ್ಹಳೇ" ಎಂಬ ಭಯವೂ ಏಳುತ್ತದೆ. ಅಕ್ಕನಿಗೆ ಆದದ್ದು ಅದೇ. ಮಾಡಿದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಅವಳು ಹಗಲೂ ರಾತ್ರಿ ತೂಗತೊಡಗಿದಳು. ನೋವು ತಡೆಯಲಾರದೆ ಯಾರ ಮೇಲಾದರೂ ರೇಗಿದ ದಿನ, ತನಗೆ ಅಲ್ಲಿ ಸ್ಥಳವಿಲ್ಲವೆಂದು ಅಳುತ್ತಿದ್ದಳು.

ಅವಳನ್ನು ನೋಡಲು ಬಂದ ಒಬ್ಬ ಹಿರಿಯ ಬೌದ್ಧ ಭಿಕ್ಷು, ಭಂತೇಜಿಯವರು, ನನ್ನ ಉತ್ತರವನ್ನು ಕೇಳಿ ನನ್ನನ್ನು ಗದರಿಸಲಿಲ್ಲ. ಸಂಯುತ್ತ ನಿಕಾಯವೆಂಬ ಸುತ್ತಗಳ ಸಂಗ್ರಹದಲ್ಲಿರುವ ಗಿಲಾನ ಸುತ್ತವನ್ನು ಓದಲು ಹೇಳಿದರು. ಕಾಯಿಲೆಯಲ್ಲಿರುವ ಗೃಹಸ್ಥನಿಗೆ ಇನ್ನೊಬ್ಬ ಗೃಹಸ್ಥನು ಹೇಗೆ ಉಪದೇಶಿಸಬೇಕೆಂದು ಶಾಕ್ಯರ ಮಹಾನಾಮನು ಕಪಿಲವತ್ಥುವಿನ ನಿಗ್ರೋಧಾರಾಮದಲ್ಲಿ ಬುದ್ಧನನ್ನು ಕೇಳುತ್ತಾನೆ. ಬುದ್ಧನ ಉತ್ತರವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬುದ್ಧ, ಧಮ್ಮ, ಸಂಘಗಳಲ್ಲಿ ನಿನಗಿರುವ ಶ್ರದ್ಧೆಯನ್ನೂ ನಿನ್ನ ಶೀಲವನ್ನೂ ನೆನೆ ಎಂದು ಮೊದಲು ಧೈರ್ಯ ಹೇಳಬೇಕು. ಆಮೇಲೆ, ತಂದೆತಾಯಿಯರ ಚಿಂತೆ ಇದೆಯೇ ಎಂದು ಕೇಳಬೇಕು. ಇದೆಯೆಂದರೆ, ನೀನು ಚಿಂತಿಸಿದರೂ ಸಾಯುವೆ, ಚಿಂತಿಸದಿದ್ದರೂ ಸಾಯುವೆ, ಆದ್ದರಿಂದ ಆ ಚಿಂತೆಯನ್ನು ಬಿಡುವುದೇ ಒಳಿತು ಎನ್ನಬೇಕು. ಹೆಂಡತಿ ಮಕ್ಕಳ ವಿಷಯದಲ್ಲಿಯೂ ಹೀಗೆಯೇ. ಮುಂದೆ, ಮನುಷ್ಯಲೋಕದ ಭೋಗಗಳಲ್ಲಿ ಮನಸ್ಸು ನಿಂತಿದ್ದರೆ, ಅವುಗಳಿಗಿಂತ ದಿವ್ಯ ಭೋಗಗಳು ಉತ್ತಮವೆಂದು ಹೇಳಿ, ಮನಸ್ಸನ್ನು ಇಲ್ಲಿಂದ ಎತ್ತಿ ನಾಲ್ವರು ಮಹಾರಾಜರ ಲೋಕದಲ್ಲಿ ಇಡಿಸಬೇಕು. ಅಲ್ಲಿಂದ ತಾವತಿಂಸಕ್ಕೆ, ಹೀಗೆ ಒಂದೊಂದೇ ದೇವಲೋಕವನ್ನು ದಾಟಿಸಿ, ಕೊನೆಗೆ ಬ್ರಹ್ಮಲೋಕಕ್ಕೆ.

ಇಲ್ಲಿಯವರೆಗೆ ಪ್ರತಿಯೊಂದು ಮೆಟ್ಟಿಲಿಗೂ ಕಾರಣ ಒಂದೇ: ಇದಕ್ಕಿಂತ ಅದು ಮೇಲು. ನಾನು ಅಕ್ಕನಿಗೆ ಹೇಳಿದ ಮಾತಿನ ಒಡಲಲ್ಲಿದ್ದ ಕಾರಣವೂ ಅದೇ. ಆದರೆ ಬ್ರಹ್ಮಲೋಕದ ಮುಂದಿನ ಹೆಜ್ಜೆಯಲ್ಲಿ ಸುತ್ತವು "ಇದಕ್ಕಿಂತ ಮೇಲಿನದು ಇನ್ನೊಂದಿದೆ" ಎಂದು ಹೇಳುವುದಿಲ್ಲ. ಬ್ರಹ್ಮಲೋಕವೂ ಅನಿತ್ಯ, ಅದೂ ಸಕ್ಕಾಯದ ಒಳಗೇ ಇರುವಂಥದ್ದು, ಆದ್ದರಿಂದ ಮನಸ್ಸನ್ನು ಅಲ್ಲಿಂದ ಎತ್ತಿ ಸಕ್ಕಾಯದ ನಿರೋಧದಲ್ಲಿ ಇಡು ಎನ್ನುತ್ತದೆ. ರೂಪ, ವೇದನೆ ಅಂದರೆ ಅನುಭವ, ಸಂಜ್ಞೆ ಅಂದರೆ ಗುರುತಿಸುವಿಕೆ, ಸಂಸ್ಕಾರ ಅಂದರೆ ಮನಸ್ಸಿನ ಪ್ರವೃತ್ತಿಗಳು, ವಿಜ್ಞಾನ ಅಂದರೆ ಅರಿವು ಎಂಬ ಐದನ್ನು ನಾನು, ನನ್ನದು ಎಂದು ಹಿಡಿದುಕೊಂಡಿರುವ ರಾಶಿಯನ್ನೇ ಸಕ್ಕಾಯ ಎನ್ನುತ್ತಾರೆ. ಸ್ವರ್ಗದಲ್ಲಿ ಆ ಹಿಡಿತಕ್ಕೆ ಒಳ್ಳೆಯ ದೇಹ, ಒಳ್ಳೆಯ ನೋಟ, ದೀರ್ಘ ಆಯುಷ್ಯ ದೊರೆಯುತ್ತದೆ, ಹಿಡಿತ ಮಾತ್ರ ಹಾಗೆಯೇ ಉಳಿಯುತ್ತದೆ. ನಿರ್ವಾಣದಲ್ಲಿ ಆ ಹಿಡಿತವೇ ಕೊನೆಗೊಳ್ಳುತ್ತದೆ. ಇವೆರಡೂ ಒಂದೇ ಅಳತೆಗೋಲಿಗೆ ಸಿಗುವ ವಸ್ತುಗಳಲ್ಲ. ಆದ್ದರಿಂದ ಯಾವುದು ದೊಡ್ಡದು ಎಂದು ಕೇಳುವುದನ್ನು ನೀವು ಬಿಡಬೇಕೆಂದು ನಾನು ಖಚಿತವಾಗಿ ಹೇಳುತ್ತೇನೆ. ಹೀಗೆ ಮನಸ್ಸನ್ನು ನಿರೋಧಕ್ಕೆ ತಿರುಗಿಸಿದ ಆ ಗೃಹಸ್ಥನ ವಿಮುಕ್ತಿಗೂ ಭಿಕ್ಷುವಿನ ವಿಮುಕ್ತಿಗೂ ಭೇದವಿಲ್ಲವೆಂದು ಬುದ್ಧನು ಮಹಾನಾಮನಿಗೆ ಹೇಳಿ ಮುಗಿಸುತ್ತಾನೆ.

ಈ ಕೊನೆಯ ಹೆಜ್ಜೆಯನ್ನು ತಪ್ಪಿಸಿಕೊಂಡವರಲ್ಲಿ ಸಾಮಾನ್ಯರಷ್ಟೇ ಅಲ್ಲ, ಬುದ್ಧನ ಪ್ರಧಾನ ಶಿಷ್ಯನಾದ ಸಾರಿಪುತ್ತನೂ ಇದ್ದಾನೆ ಎಂಬುದು ಮಜ್ಝಿಮ ನಿಕಾಯದ ಧನಂಜಾನಿ ಸುತ್ತದಿಂದ ತಿಳಿಯುತ್ತದೆ. ಸಾಯುತ್ತಿರುವ ಧನಂಜಾನಿ ಎಂಬ ಬ್ರಾಹ್ಮಣನ ಬಳಿ ಕುಳಿತು ಸಾರಿಪುತ್ತನು, ನರಕಕ್ಕಿಂತ ಪ್ರಾಣಿಜನ್ಮ ಮೇಲಲ್ಲವೇ ಎಂಬಲ್ಲಿಂದ ಮೊದಲ್ಗೊಂಡು ಒಂದೊಂದೇ ಲೋಕವನ್ನು ಕೇಳುತ್ತ ಮೇಲೇರುತ್ತಾನೆ. ಬ್ರಹ್ಮಲೋಕದ ಹೆಸರು ಕೇಳಿದ ಕೂಡಲೇ ರೋಗಿಯು ಹಿಗ್ಗುತ್ತಾನೆ. ಬ್ರಾಹ್ಮಣರಿಗೆ ಬ್ರಹ್ಮಲೋಕದಲ್ಲಿಯೇ ಒಲವು ಎಂದು ಯೋಚಿಸಿದ ಸಾರಿಪುತ್ತನು ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳ ಧ್ಯಾನವನ್ನು ಕಲಿಸಿ ಎದ್ದು ಬರುತ್ತಾನೆ. ಧನಂಜಾನಿ ಸತ್ತು ಬ್ರಹ್ಮಲೋಕದಲ್ಲಿ ಹುಟ್ಟುತ್ತಾನೆ. ಬೇರೆ ಯಾವ ಕಥೆಯಲ್ಲಾದರೂ ಇದು ಮಂಗಳಕರ ಮುಕ್ತಾಯವಾಗುತ್ತಿತ್ತು. ಇಲ್ಲಿ ಬುದ್ಧನು, ಮಾಡಬೇಕಾದದ್ದು ಇನ್ನೂ ಇರುವಾಗಲೇ ಅವನನ್ನು ಕೀಳಾದ ಬ್ರಹ್ಮಲೋಕದಲ್ಲಿ ನಿಲ್ಲಿಸಿ ಏಕೆ ಎದ್ದುಬಂದೆ ಎಂದು ಸಾರಿಪುತ್ತನನ್ನು ಕೇಳುತ್ತಾನೆ.

ಸ್ವರ್ಗವನ್ನು ಕೀಳೆನ್ನಲು ಕಾರಣ ಅದರ ಸುಖ ಸುಳ್ಳೆಂಬುದಲ್ಲ, ಅದು ಮುಗಿಯುತ್ತದೆಂಬುದು. ದೇವತೆಯೊಬ್ಬನ ಕಾಲ ಮುಗಿಯುವಾಗ ಐದು ಲಕ್ಷಣಗಳು ಕಾಣಿಸುತ್ತವೆ ಎಂದು ಇತಿವುತ್ತಕವೆಂಬ ಗ್ರಂಥ ಹೇಳುತ್ತದೆ: ಹೂಮಾಲೆ ಬಾಡುತ್ತದೆ, ಉಡುಪು ಮಾಸುತ್ತದೆ, ಕಂಕುಳಲ್ಲಿ ಬೆವರುತ್ತದೆ, ಮೈಯ ಕಾಂತಿ ಕುಂದುತ್ತದೆ, ತನ್ನ ಆಸನದಲ್ಲಿಯೇ ಅವನಿಗೆ ಮನಸ್ಸು ನಿಲ್ಲದು. ಆಗ ಉಳಿದ ದೇವತೆಗಳು ಅವನಿಗೆ "ಸದ್ಗತಿಗೆ ಹೋಗು" ಎಂದು ಹರಸುತ್ತಾರೆ. ಆ ಸದ್ಗತಿ ಯಾವುದೆಂದರೆ, ಮನುಷ್ಯಜನ್ಮ. ನಾವು ಮೇಲೆ ನೋಡಿ ಬಯಸುವುದನ್ನು ಬಿಟ್ಟು ಹೊರಡುವವನಿಗೆ ದೇವತೆಗಳು ನಮ್ಮ ಜನ್ಮವನ್ನೇ ಹಾರೈಸುತ್ತಾರೆ, ಏಕೆಂದರೆ ಧಮ್ಮವನ್ನು ಕೇಳಿ ನಡೆಯುವ ಅವಕಾಶ ಇಲ್ಲಿದೆ.

ಇನ್ನು "ಸತ್ತ ಮೇಲೆ ಅಲ್ಲಿ ಏನಿರುತ್ತದೆ" ಎಂಬುದು. ವಚ್ಛಗೋತ್ತನೆಂಬ ಪರಿವ್ರಾಜಕನು, ವಿಮುಕ್ತನಾದವನು ಎಲ್ಲಿ ಹುಟ್ಟುತ್ತಾನೆ ಎಂದು ಕೇಳಿದಾಗ, ಹುಟ್ಟುತ್ತಾನೆ ಎಂಬುದೂ ಹುಟ್ಟುವುದಿಲ್ಲ ಎಂಬುದೂ ಇಲ್ಲಿ ಹೊಂದುವುದಿಲ್ಲವೆಂದು ಬುದ್ಧನು ಹೇಳಿದನು. ನಿನ್ನ ಮುಂದೆ ಉರಿಯುತ್ತಿದ್ದ ಬೆಂಕಿ ಸೌದೆ ತೀರಿ ಆರಿದರೆ, ಅದು ಪೂರ್ವಕ್ಕೆ ಹೋಯಿತೇ ಪಶ್ಚಿಮಕ್ಕೆ ಹೋಯಿತೇ ಎಂದು ಕೇಳಿದರೆ ಏನು ಹೇಳುವೆ ಎಂದು ಅವನನ್ನೇ ಮರಳಿ ಪ್ರಶ್ನಿಸಿದನು. ಇದನ್ನು ಓದಿ ನಿರ್ವಾಣವೆಂದರೆ ನಾಶ ಎಂಬ ತೀರ್ಮಾನಕ್ಕೆ ಬರುವವರು ಬಹಳ ಮಂದಿ. ನಾನೂ ಸ್ವರ್ಗದ ಚಿತ್ರ ಕಳಚಿದ ಮೇಲೆ ಕೆಲಕಾಲ ಅಲ್ಲಿಯೇ ಜಾರಿದ್ದೆ. ಆದರೆ ಬುದ್ಧನು ಆ ಪಕ್ಷವನ್ನೂ ಸ್ಪಷ್ಟವಾಗಿ ತಳ್ಳಿಹಾಕಿದ್ದಾನೆ. ಆರುವುದು ರಾಗ, ದ್ವೇಷ, ಮೋಹಗಳು. ಜಂಬುಖಾದಕನೆಂಬ ಪರಿವ್ರಾಜಕನು ನಿರ್ವಾಣವೆಂದರೇನೆಂದು ಕೇಳಿದಾಗ ಸಾರಿಪುತ್ತನು ಕೊಟ್ಟ ಉತ್ತರ ಇದಿಷ್ಟೇ: ರಾಗದ ಕ್ಷಯ, ದ್ವೇಷದ ಕ್ಷಯ, ಮೋಹದ ಕ್ಷಯ.

ಈ ಉತ್ತರದಲ್ಲಿ ಸಾವಿನ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಿ. ಸ್ವರ್ಗಕ್ಕೆ ಸಾಯಲೇಬೇಕು, ನಿರ್ವಾಣಕ್ಕೆ ಬೇಡ. ಅರಹಂತ ಎಂದರೆ ಪೂರ್ಣ ವಿಮುಕ್ತನಾದವನು; ಬದುಕಿರುವ ಅರಹಂತನಿಗೂ ಇಂದ್ರಿಯಗಳಿವೆ, ಸುಖದುಃಖದ ಅನುಭವವಿದೆ, ಆದರೆ ಅವುಗಳಿಗೆ ಅಂಟುವ ತೃಷ್ಣೆ ಮುಗಿದಿದೆ; ಇದನ್ನು ಉಪಾದಿ, ಅಂದರೆ ದೇಹ ಮನಸ್ಸುಗಳ ಆಸರೆ, ಉಳಿದಿರುವ ನಿರ್ವಾಣವೆನ್ನುತ್ತಾರೆ, ದೇಹ ಬಿದ್ದ ಮೇಲಿನದನ್ನು ಉಪಾದಿ ಉಳಿಯದ ನಿರ್ವಾಣವೆನ್ನುತ್ತಾರೆ. ಮಹಾಯಾನದ ಅಮಿತಾಭ ಬುದ್ಧನ ಸುಖಾವತಿಯೆಂಬ ಲೋಕವನ್ನು ತೋರಿಸಿ, ಬೌದ್ಧರಿಗೂ ಶಾಶ್ವತ ಸ್ವರ್ಗವಿದೆಯಲ್ಲ ಎಂದು ಯಾರಾದರೂ ನಿಮಗೆ ಹೇಳಬಹುದು. ಅಲ್ಲಿ ಹುಟ್ಟುವುದನ್ನು ಬಯಸುವುದೂ ಬೋಧಿಗೆ ಅಡ್ಡಿಯಿಲ್ಲದ ನೆಲೆ ಸಿಗಲೆಂದು; ಸುಖಾವತಿಯೇ ನಿರ್ವಾಣವೆಂದು ಸುಮ್ಮನೆ ಸಮೀಕರಿಸಬಾರದು.

ಭಂತೇಜಿಯವರು ಅಕ್ಕನ ಬಳಿ ಲೋಕಗಳ ವಿಷಯವನ್ನೇ ಎತ್ತಲಿಲ್ಲ. "ತಾಯಿ, ಈಗ ನೋವಿದೆ, ನೋವಿನ ಮೇಲೆ ಸಿಟ್ಟೂ ಇದೆಯೇ?" ಎಂದು ಕೇಳಿದರು. ಇದೆ ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಆ ಸಿಟ್ಟು ಈಗಲೂ ಅಷ್ಟೇ ಇದೆಯೇ?" ಎಂದರು. ಕಡಿಮೆಯಾಗಿದೆ ಎಂದಳು. ಆ ಕಡಿಮೆಯಾದದ್ದನ್ನೇ ನೋಡಿರಿ, ಅದು ಪೂರ್ತಿ ಬೇರು ಸಹಿತ ಇಲ್ಲವಾಗುವುದನ್ನು ನಿರ್ವಾಣವೆನ್ನುತ್ತಾರೆ, ಅರ್ಹತೆಯ ಲೆಕ್ಕ ಅಲ್ಲಿಲ್ಲ ಎಂದರು. ಅಂದಿನಿಂದ ಅವಳು ತನ್ನ ಪುಣ್ಯಪಾಪಗಳ ತೂಕವನ್ನು ನಿಲ್ಲಿಸಿದಳು. ಭಾವನ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲವೆಂದೇನೂ ಅಲ್ಲ. ಕೇಳಿದಾಗ ನಾನು, ಅದಕ್ಕೆ ನಿರ್ವಾಣವು ಉತ್ತರವಲ್ಲ ಅಕ್ಕ ಎಂದು ನಿಜವನ್ನೇ ಹೇಳಿದೆ.

ಹಾಗಾಗಿ ನೀವು ಸ್ವರ್ಗವನ್ನು ಬಯಸುವವರಾದರೆ ಬಯಸಿರಿ. ದಾನ, ಶೀಲಗಳಿಂದ ಅದು ಸಿಗುತ್ತದೆಂದು ಬುದ್ಧನೇ ಗೃಹಸ್ಥರಿಗೆ ಬೋಧಿಸಿದ್ದಾನೆ. ನಿರ್ವಾಣವನ್ನು ಮಾತ್ರ ಆ ಬಯಕೆಯ ದೊಡ್ಡ ರೂಪವಾಗಿ ಮಾಡಿಕೊಳ್ಳಬೇಡಿ. ಅದನ್ನು ತಿಳಿಯಲು ಅಂಗುತ್ತರ ನಿಕಾಯದಲ್ಲಿ ಜಾಣುಸ್ಸೋಣಿ ಎಂಬ ಬ್ರಾಹ್ಮಣನಿಗೆ ಬುದ್ಧನು ಹೇಳಿದ ಮಾತಿನಿಂದ ತೊಡಗಿರಿ: ರಾಗದಿಂದ ಮರುಳಾದವನು ತನಗೂ ಇತರರಿಗೂ ಕೇಡಾಗುವಂತೆ ಯೋಚಿಸುತ್ತಾನೆ, ಮನಸ್ಸಿನಲ್ಲಿ ದುಃಖವನ್ನು ಉಣ್ಣುತ್ತಾನೆ, ರಾಗ ಹೋದಾಗ ಹಾಗೆ ಯೋಚಿಸುವುದೂ ಇಲ್ಲ, ಆ ದುಃಖವೂ ಇಲ್ಲ, ದ್ವೇಷ, ಮೋಹಗಳ ವಿಷಯದಲ್ಲಿಯೂ ಹೀಗೆಯೇ, ಮತ್ತು ಇದೇ ಈ ಜನ್ಮದಲ್ಲಿಯೇ ಕಾಣಬಹುದಾದ ನಿರ್ವಾಣ.