ಖಾಲಿ ಮನೆ ಎಂದರೆ ಸೊನ್ನೆಯಲ್ಲ

ಪ್ರಶ್ನೆ: ವೀಕ್ಷಕರು ಚಲನಚಿತ್ರಗಳಿಗೆ 1ರಿಂದ 5ರವರೆಗೆ ಕೊಟ್ಟ ರೇಟಿಂಗ್‌ಗಳ ಕೋಷ್ಟಕವೊಂದು ನನ್ನಲ್ಲಿದೆ. ಖಾಲಿ ಮನೆಗಳಿಗೆ ಸೊನ್ನೆ ತುಂಬಿ, ಕೋಷ್ಟಕವನ್ನು ಸರಳ ಭಾಗಗಳ ಮೊತ್ತವಾಗಿ ಬಿಡಿಸುವ ಎಸ್‌ವಿಡಿ ಎಂಬ ವಿಧಾನ ಬಳಸಿ, ಮುಖ್ಯವಾದ ಕೆಲವೇ ಭಾಗಗಳನ್ನು ಉಳಿಸಿಕೊಂಡು ಕಡಿಮೆ ರ‍್ಯಾಂಕಿಗೆ ಇಳಿಸಿದೆ. ಖಾಲಿಯಿದ್ದ ಕಡೆಯೆಲ್ಲ ಸೊನ್ನೆಯ ಆಸುಪಾಸಿನ ಸಂಖ್ಯೆಗಳೇ ಬರುತ್ತಿವೆ. ಹೀಗೇಕೆ?

ಉತ್ತರ: ಎಸ್‌ವಿಡಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ, ಸೊನ್ನೆಯೂ ಒಂದು ರೇಟಿಂಗ್ ಎಂದು ನೀವು ಅದಕ್ಕೆ ಹೇಳಿದ್ದರಿಂದ, ಆ ಸೊನ್ನೆಗಳನ್ನೇ ಅದು ನಿಷ್ಠೆಯಿಂದ ಹಿಂತಿರುಗಿಸುತ್ತಿದೆ. ನೆಟ್‌ಫ್ಲಿಕ್ಸ್ ಸಂಸ್ಥೆ 2006ರಲ್ಲಿ ಸ್ಪರ್ಧೆಗೆಂದು ಬಿಡುಗಡೆ ಮಾಡಿದ ದತ್ತಾಂಶದಲ್ಲಿ ಸುಮಾರು 4,80,000 ವೀಕ್ಷಕರೂ 17,770 ಚಿತ್ರಗಳೂ ಇದ್ದವು, ಆದರೆ ರೇಟಿಂಗ್‌ಗಳಿದ್ದದ್ದು ಸುಮಾರು 10 ಕೋಟಿ ಮಾತ್ರ. ಅಂದರೆ ನೂರರಲ್ಲಿ ತೊಂಬತ್ತೆಂಟಕ್ಕಿಂತ ಹೆಚ್ಚು ಮನೆಗಳು ಖಾಲಿ. ಅಂಥ ಕಡೆ ಸೊನ್ನೆ ತುಂಬಿದರೆ, ದತ್ತಾಂಶದ ಬಹುಪಾಲು ನಾವೇ ಕಟ್ಟಿದ ಸುಳ್ಳಾಗುತ್ತದೆ. ಸೊನ್ನೆಯ ಬದಲು ಸರಾಸರಿಯನ್ನು ತುಂಬಿದರೆ ಹಾನಿ ಕಡಿಮೆಯಾದರೂ ದೋಷ ಅದೇ.

ಆದ್ದರಿಂದ ಖಾಲಿ ಮನೆಗಳನ್ನು ಲೆಕ್ಕದಿಂದ ಪೂರ್ತಿ ಹೊರಗಿಡಬೇಕು. ಹಾಗೆ ಹೊರಗಿಟ್ಟ ಮನೆಯ ಬಗ್ಗೆ ಊಹೆ ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಈ ಪುಟ್ಟ ಕೋಷ್ಟಕದಲ್ಲಿ ನೋಡಬಹುದು. ಅಡ್ಡಸಾಲುಗಳು ಮೂವರು ವೀಕ್ಷಕರದು, ಕಂಬಸಾಲುಗಳು ಕ, ಖ, ಗ, ಘ ಎಂಬ ಚಿತ್ರಗಳದು.

```
    ಕ  ಖ  ಗ  ಘ
1   5  1  4  2
2   4  2  ?  ?
3   1  ?  2  ?
```

ಮಧ್ಯದ ಅಂಕವಾದ 3ನ್ನು ಎಲ್ಲದರಿಂದ ಕಳೆಯಿರಿ. ಮೊದಲನೆಯವರ ಸಾಲು +2, −2, +1, −1 ಆಗುತ್ತದೆ. ಎರಡನೆಯವರ ತಿಳಿದಿರುವ ಅಂಕಗಳು +1, −1. ಅಂದರೆ ಮೊದಲನೆಯವರ ಒಲವೇ, ಅರ್ಧದಷ್ಟು ತೀವ್ರತೆಯಲ್ಲಿ. ಮೂರನೆಯವರದು ಕ ಚಿತ್ರಕ್ಕೆ −2, ಗ ಚಿತ್ರಕ್ಕೆ −1. ಅದೇ ಒಲವು, ತಿರುಗುಮುರುಗಾಗಿ. ಹೀಗಾಗಿ ಚಿತ್ರಗಳಿಗೆ 2, −2, 1, −1 ಎಂಬ ಸಂಖ್ಯೆಗಳನ್ನೂ ವೀಕ್ಷಕರಿಗೆ 1, 0.5, −1 ಎಂಬ ಸಂಖ್ಯೆಗಳನ್ನೂ ಕೊಟ್ಟರೆ, ಅವುಗಳ ಗುಣಲಬ್ಧಕ್ಕೆ 3 ಕೂಡಿಸಿದಾಗ ತಿಳಿದಿರುವ ಎಂಟು ಅಂಕಗಳೂ ಸರಿಯಾಗಿ ಸಿಗುತ್ತವೆ. ಖಾಲಿ ಮನೆಗಳೂ ಅದೇ ಸಂಖ್ಯೆಗಳಿಂದ ತುಂಬಿಕೊಳ್ಳುತ್ತವೆ: ಎರಡನೆಯವರು ಗ ಚಿತ್ರಕ್ಕೆ 3.5, ಘ ಚಿತ್ರಕ್ಕೆ 2.5, ಮೂರನೆಯವರು ಖ ಚಿತ್ರಕ್ಕೆ 5, ಘ ಚಿತ್ರಕ್ಕೆ 4 ಕೊಟ್ಟಾರು. ಹನ್ನೆರಡು ಮನೆಗಳನ್ನು ಏಳೇ ಸಂಖ್ಯೆಗಳು ಹೊತ್ತು ನಿಂತಿವೆ. ಪ್ರತಿ ಮನೆಗೂ ಬೇಕಾದಂತೆ ಇರುವ ಸ್ವಾತಂತ್ರ್ಯವಿಲ್ಲದ ಕಾರಣಕ್ಕೇ ಊಹೆ ಸಾಧ್ಯವಾಗುತ್ತದೆ. ಪ್ರತಿಯೊಬ್ಬರಿಗೂ ಪ್ರತಿ ಚಿತ್ರಕ್ಕೂ ಒಂದೊಂದೇ ಸಂಖ್ಯೆ ಇರುವುದರಿಂದ ಇದು ರ‍್ಯಾಂಕ್ ಒಂದು. ವಾಸ್ತವದ ದತ್ತಾಂಶದಲ್ಲಿ ಪ್ರತಿಯೊಬ್ಬರಿಗೂ ಪ್ರತಿ ಚಿತ್ರಕ್ಕೂ ಹತ್ತಾರು ಸಂಖ್ಯೆಗಳಿರುತ್ತವೆ, ಮತ್ತು ಜೋಡಿ ಗುಣಲಬ್ಧಗಳ ಮೊತ್ತವೇ ಊಹೆ. ಆ ಸಂಖ್ಯೆಗಳಿಗೆ ‘ಹಾಸ್ಯ’, ‘ಸಾಹಸ’ ಎಂದು ಹೆಸರಿಡುವ ಆಸೆ ಹುಟ್ಟುವುದು ಸಹಜವಾದರೂ, ಒಂದೇ ಊಹೆಯನ್ನು ಕೊಡುವ ಬೇರೆ ಬೇರೆ ಸಂಖ್ಯಾಗುಂಪುಗಳು ಇರಬಲ್ಲವಾದ್ದರಿಂದ ಆ ಹೆಸರುಗಳನ್ನು ಹೆಚ್ಚು ನಂಬಬೇಡಿ.

ಯಂತ್ರವು ಈ ಸಂಖ್ಯೆಗಳನ್ನು ತಪ್ಪಿನಿಂದ ತಪ್ಪಿಗೆ ತಿದ್ದುತ್ತ ಹುಡುಕುತ್ತದೆ. ವೀಕ್ಷಕರ ಸಂಖ್ಯೆ 0.5, ಚಿತ್ರದ್ದು 1, ನಿಜವಾದ ಅಂಕ +2 ಎಂದುಕೊಳ್ಳಿ. ಊಹೆ 0.5, ತಪ್ಪು 1.5. ತಪ್ಪನ್ನು ಎದುರಿನವರ ಸಂಖ್ಯೆಯಿಂದಲೂ 0.1 ಎಂಬ ಸಣ್ಣ ಹೆಜ್ಜೆಯಿಂದಲೂ ಗುಣಿಸಿ ಕೂಡಿಸಿದರೆ ವೀಕ್ಷಕರದು 0.65, ಚಿತ್ರದ್ದು 1.075 ಆಗುತ್ತದೆ, ಊಹೆ ಸುಮಾರು 0.70ಕ್ಕೆ ಏರುತ್ತದೆ. ತಿಳಿದಿರುವ ಮನೆಗಳ ಮೇಲೆ ಮಾತ್ರ, ಮತ್ತೆ ಮತ್ತೆ, ಇದನ್ನೇ ಮಾಡುವುದು.

ಇಷ್ಟರಿಂದಲೇ ನಿಲ್ಲಿಸಿದರೆ ಇನ್ನೊಂದು ಅಪಾಯವಿದೆ, ಮತ್ತು ನಿಮ್ಮ ಮುಂದಿನ ತೊಂದರೆ ಬಹುಶಃ ಅದೇ ಆಗಲಿದೆ. ಒಬ್ಬರು ಒಂದೇ ಚಿತ್ರಕ್ಕೆ +2 ಕೊಟ್ಟಿದ್ದಾರೆ, ಆ ಚಿತ್ರದ ಸಂಖ್ಯೆ 0.1 ಎನ್ನಿ. ಸರಿಹೊಂದಿಸಲು ಅವರ ಸಂಖ್ಯೆ 20 ಆಗಬೇಕು. ಆಗ 2 ಎಂಬ ಸಂಖ್ಯೆಯ ಕ ಚಿತ್ರಕ್ಕೆ ಅವರ ಊಹೆ 43! ಇದನ್ನು ತಡೆಯಲು, ತಪ್ಪಿನ ವರ್ಗದ ಜೊತೆಗೆ ಸಂಖ್ಯೆಯ ವರ್ಗಕ್ಕೂ ದಂಡ ಹಾಕುತ್ತಾರೆ:

```
(2 - 0.1*x)^2 + 0.5*x^2
```

ಇಲ್ಲಿ x ಎಂಬುದು ಆ ವೀಕ್ಷಕರ ಸಂಖ್ಯೆ, 0.5 ಎಂಬುದು ದಂಡದ ಪ್ರಮಾಣ. ಈ ಮೊತ್ತ ಅತಿ ಕಡಿಮೆಯಾಗುವುದು x ಸುಮಾರು 0.39 ಆದಾಗ, ಮತ್ತು ಕ ಚಿತ್ರದ ಊಹೆ ಸುಮಾರು 3.8ಕ್ಕೆ ಇಳಿಯುತ್ತದೆ. ಸಾಕ್ಷ್ಯ ಕಡಿಮೆಯಿದ್ದವರ ಸಂಖ್ಯೆ ಸೊನ್ನೆಯತ್ತ, ಅಂದರೆ ಅವರ ಊಹೆ ಮಧ್ಯದ ಅಂಕದತ್ತ, ಸರಿಯುತ್ತದೆ. ಹೆಚ್ಚು ರೇಟಿಂಗ್ ಕೊಟ್ಟವರಲ್ಲಿ ದಂಡದ ಪ್ರಭಾವ ತಾನಾಗಿ ಕುಗ್ಗುತ್ತದೆ.

ದಂಡ ಎಷ್ಟಿರಬೇಕು, ರ‍್ಯಾಂಕ್ ಎಷ್ಟಿರಬೇಕು ಎಂಬುದನ್ನು ಸೂತ್ರ ಹೇಳುವುದಿಲ್ಲ. ತಿಳಿದಿರುವ ರೇಟಿಂಗ್‌ಗಳಲ್ಲಿ ಹತ್ತನೆಯ ಒಂದು ಭಾಗವನ್ನು ಮೊದಲೇ ಬಚ್ಚಿಟ್ಟು, ಉಳಿದವುಗಳಿಂದ ಕಲಿತ ಸಂಖ್ಯೆಗಳು ಅವನ್ನು ಎಷ್ಟು ಚೆನ್ನಾಗಿ ಊಹಿಸುತ್ತವೆ ಎಂದು ಅಳೆಯಿರಿ. ಕಲಿಕೆಯ ತಪ್ಪು ಇಳಿಯುತ್ತಲೇ ಇದ್ದು ಬಚ್ಚಿಟ್ಟವುಗಳ ತಪ್ಪು ಏರತೊಡಗಿದರೆ, ರ‍್ಯಾಂಕ್ ಹೆಚ್ಚಾಗಿದೆ ಅಥವಾ ದಂಡ ಸಾಲದಾಗಿದೆ. ಆದರೆ ಬಚ್ಚಿಟ್ಟ ಅಂಕಗಳೂ ಜನ ತಾವೇ ಆರಿಸಿ ನೋಡಿದ ಚಿತ್ರಗಳವು ಎಂಬುದು ನೆನಪಿರಲಿ. ಅವರು ಎಂದೂ ಆರಿಸದ ಬಗೆಯ ಚಿತ್ರಗಳ ಮೇಲಿನ ಊಹೆ ಎಷ್ಟು ಸರಿ ಎಂಬುದನ್ನು ಈ ಪರೀಕ್ಷೆ ಅಳೆಯಲಾರದು.